ಗುಟ್ಟು ಬಿಡದ ವಿಮರ್ಶೆ

‘ಕರ್ಚೀಫ್ ಮರೆಯದೆ ತೆಗೆದುಕೊಂಡು ಹೋಗಿ.’ ಚಿತ್ರವಿಮರ್ಶೆಯ ಕೊನೆಗೆ ಹೀಗೊಂದು ಸಾಲು ಸೇರಿಸಿದವರು ಕಥೆಯ ಒಂದಕ್ಷರವನ್ನೂ ಹೇಳಿಲ್ಲವೆಂದು ನಂಬಿರುತ್ತಾರೆ. ಓದಿದವನು ಮಾತ್ರ ಥಿಯೇಟರಿನಲ್ಲಿ ಕೂತ ಗಳಿಗೆಯಿಂದಲೇ ಲೆಕ್ಕ ಹಾಕತೊಡಗುತ್ತಾನೆ. ಸಾಯುವವರು ಯಾರು? ಅಮ್ಮನೋ, ನಾಯಕಿಯೋ? ಅಮ್ಮನಿಗೆ ಒಂದು ಸಲ ಕೆಮ್ಮು ಬಂದರೆ ಸಾಕು, ಅವನಿಗೆ ಉತ್ತರ ಸಿಕ್ಕಿಬಿಡುತ್ತದೆ.

ಕನ್ನಡದ ವಿಮರ್ಶೆಗಳಲ್ಲಿ ಇಂಥ ಸವೆದ ಮಾತುಗಳಿಗೆ ಬರವಿಲ್ಲ. ‘ಎರಡು ಶೇಡ್ ಇರುವ ಪಾತ್ರದಲ್ಲಿ ಅವರು ಮಿಂಚಿದ್ದಾರೆ’ ಎಂದರೆ ಮೊದಲರ್ಧದ ಸಜ್ಜನ ಎರಡನೆಯ ಅರ್ಧದಲ್ಲಿ ಸಜ್ಜನನಾಗಿ ಉಳಿಯುವುದಿಲ್ಲ ಎಂದೇ ಅರ್ಥ. ‘ಚಿಕ್ಕ ಪಾತ್ರವಾದರೂ ಕೊನೆಗೆ ಬೆರಗು ಹುಟ್ಟಿಸುತ್ತಾರೆ’ ಎಂಬುದೂ ಅದೇ ಜಾತಿ. ಎಲ್ಲಕ್ಕಿಂತ ಅಪಾಯದ್ದು ಹೋಲಿಕೆ. ಹೊಸ ಚಿತ್ರವನ್ನು ಹತ್ತು ವರ್ಷ ಹಿಂದಿನ ಯಾವುದೋ ಥ್ರಿಲ್ಲರಿನ ಪಕ್ಕ ನಿಲ್ಲಿಸಿ ‘ಅದನ್ನು ನೆನಪಿಸುತ್ತದೆ’ ಎಂದು ಬರೆದರೆ, ಆ ಹಳೆಯ ಚಿತ್ರ ನೋಡಿದವರಿಗೆಲ್ಲ ಈ ಚಿತ್ರದ ಬೀಗದ ಕೈ ಕೊಟ್ಟಂತಾಯಿತು. ಈ ಸಾಲುಗಳಲ್ಲಿ ಒಂದೇ ಒಂದು ಘಟನೆಯ ವಿವರವಿಲ್ಲ. ಆದರೂ ಎಲ್ಲವೂ ಸ್ಪಾಯ್ಲರ್‌ಗಳೇ.

ಹಾಗಾದರೆ ಬಚ್ಚಿಡಬೇಕಾದದ್ದು ಏನು? ‘ಕಥೆ’ ಎಂಬುದು ಸಾಮಾನ್ಯ ಉತ್ತರ. ಅದು ಪೂರ್ತಿ ಸರಿಯಲ್ಲ. ರಾಜ್‌ಕುಮಾರ್ ಅರ್ಜುನನಾಗಿಯೂ ಮಗನಾಗಿಯೂ ನಟಿಸಿದ ‘ಬಬ್ರುವಾಹನ’ 1977ರಲ್ಲಿ ತೆರೆಗೆ ಬಂದಾಗ, ಅಪ್ಪ ಮಗ ಯುದ್ಧಕ್ಕೆ ನಿಲ್ಲುತ್ತಾರೆಂಬುದು ಯಕ್ಷಗಾನ, ನಾಟಕ ನೋಡಿ ಬೆಳೆದ ಜನರಿಗೆ ಹೊಸ ಸುದ್ದಿಯಾಗಿರಲಿಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರಕ್ಕೆ ಹೋದ ಎಷ್ಟೋ ಜನ ತ.ರಾ.ಸು. ಅವರ ಕಾದಂಬರಿಗಳನ್ನು ಮೊದಲೇ ಓದಿಕೊಂಡಿದ್ದರು. ಗೊತ್ತಿದ್ದ ಕಥೆಯನ್ನೇ ನೋಡಲು ಜನ ಸಾಲು ನಿಂತರು. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಂತೂ ನೂರೊಂದು ವರ್ಷದ ಸೆಂಚುರಿ ಗೌಡ ಸಾಯುವುದು ಮೊದಲ ಕೆಲವೇ ನಿಮಿಷಗಳಲ್ಲಿ, ಹೆಸರೇ ಅದನ್ನು ಸಾರುತ್ತದೆ. ಆ ಸಾವನ್ನು ಮುಚ್ಚಿಟ್ಟು ‘ತಿಥಿ’ಯ ವಿಮರ್ಶೆ ಬರೆಯಲು ಹೊರಟರೆ ಬರೆಯುವುದಕ್ಕೇ ಏನೂ ಉಳಿಯುವುದಿಲ್ಲ.

ಬಚ್ಚಿಡಬೇಕಾದದ್ದು ಕ್ರಮವನ್ನು. ಪ್ರತಿ ಚಿತ್ರವೂ ಪ್ರೇಕ್ಷಕನಿಗೆ ಯಾವ ಸಂಗತಿ ಎಷ್ಟು ಹೊತ್ತಿಗೆ ತಿಳಿಯಬೇಕು ಎಂದು ತೀರ್ಮಾನಿಸಿಕೊಂಡಿರುತ್ತದೆ. ಹತ್ತನೆಯ ನಿಮಿಷಕ್ಕೆ ಗೊತ್ತಾಗುವುದನ್ನು ವಿಮರ್ಶಕ ಹೇಳಿದರೆ ನಷ್ಟವಿಲ್ಲ. ತೊಂಬತ್ತನೆಯ ನಿಮಿಷದ್ದನ್ನು ಹೇಳಿದರೆ ನಡುವಿನ ಎಂಬತ್ತು ನಿಮಿಷದ ಊಹೆ, ಆತಂಕ, ತಪ್ಪು ಲೆಕ್ಕಾಚಾರಗಳನ್ನು ಓದುಗನಿಂದ ಕಿತ್ತುಕೊಂಡಂತೆ. ‘ಇದು ಸ್ಪಾಯ್ಲರ್ ಆದೀತೆ?’ ಎಂಬ ಅನುಮಾನಕ್ಕಿಂತ ‘ಇದು ಪ್ರೇಕ್ಷಕನಿಗೆ ಗೊತ್ತಾದದ್ದು ಎಷ್ಟು ಹೊತ್ತಿಗೆ?’ ಎಂಬ ಪ್ರಶ್ನೆ ಹೆಚ್ಚು ಉಪಯೋಗದ್ದು.

ಆಲ್‌ಫ್ರೆಡ್ ಹಿಚ್‌ಕಾಕ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1960ರಲ್ಲಿ ‘ಸೈಕೋ’ ಬಿಡುಗಡೆಯಾದಾಗ, ಚಿತ್ರ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡಬಾರದೆಂಬ ಷರತ್ತನ್ನು ಅವರು ಥಿಯೇಟರುಗಳಿಗೆ ಹಾಕಿದ್ದರು. ವಿಮರ್ಶಕರಿಗೆಂದು ಮುಂಗಡ ಪ್ರದರ್ಶನವನ್ನೂ ಇಡಲಿಲ್ಲ. ಅವರೂ ಜನರ ನಡುವೆ ಕೂತೇ ನೋಡಬೇಕಾಯಿತು. ಕೆಲವರಿಗೆ ಅದು ಸಿಟ್ಟು ತರಿಸಿತೆನ್ನುತ್ತಾರೆ. ಆದರೆ ವಿಮರ್ಶೆ ಬರೆಯುವವನಿಗೆ ಜನರ ನಡುವಿನ ಸೀಟಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಇದನ್ನೆಲ್ಲ ಒಂದು ಚಿತ್ರಕ್ಕೆ ಹಚ್ಚಿ ನೋಡುವುದು ಲೇಸು. ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ 2013ರ ಸೆಪ್ಟೆಂಬರಿನಲ್ಲಿ ತೆರೆಕಂಡಿತು. ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರವೆಂದು ಬಿಡುಗಡೆಗೆ ಮುಂಚೆಯೇ ಸುದ್ದಿಯಾಗಿತ್ತು. ಆ ವರ್ಷ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆದಿತ್ತು. ಗುಟ್ಟು ಬಿಡದೆ ಬರೆಯಬೇಕೆನ್ನುವವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಕನ್ನಡದಲ್ಲಿ ಸಿಗುವುದು ಕಷ್ಟ. ಈಗಲೂ ನೋಡದವರಿದ್ದಾರೆ, ಆದ್ದರಿಂದ ಈ ಲೇಖನಕ್ಕೂ ಅದೇ ಕಟ್ಟುಪಾಡು ಅನ್ವಯಿಸುತ್ತದೆ.

ಮೊದಲ ಕೆಲಸ ಥಿಯೇಟರಿನ ಕತ್ತಲಲ್ಲೇ ಶುರುವಾಗುತ್ತದೆ. ಮೊಬೈಲಿನಲ್ಲಿ ಟಿಪ್ಪಣಿ ಮಾಡಿಕೊಂಡರೆ ಹಿಂದಿನ ಸಾಲಿನವರ ಬೈಗುಳ ಕಟ್ಟಿಟ್ಟದ್ದು. ಅಂಗೈಯಗಲದ ಪುಸ್ತಕ, ದೊಡ್ಡ ಅಕ್ಷರ, ಪುಟಕ್ಕೆ ಎರಡೇ ಪದ ಸಾಕು. ಕಣ್ಣು ಪರದೆಯ ಮೇಲೆ, ಕೈ ಹಾಳೆಯ ಮೇಲೆ. ನಿಜವಾದ ಟಿಪ್ಪಣಿಗೆ ಸಮಯ ಸಿಗುವುದು ಇಂಟರ್‌ವಲ್‌ನಲ್ಲಿ. ಕಾಫಿಗೆ ಓಡುವ ಮೊದಲು ಎರಡು ವಿಷಯ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಇಲ್ಲಿಯವರೆಗೆ ಏನೇನು ಗೊತ್ತಾಗಿದೆ, ಮುಂದೆ ಏನಾದೀತೆಂದು ಅನ್ನಿಸುತ್ತಿದೆ. ಚಿತ್ರ ಮುಗಿದ ಮೇಲೆ ಈ ಎರಡನೆಯದನ್ನು ಯಾರಿಂದಲೂ ಪ್ರಾಮಾಣಿಕವಾಗಿ ಬರೆಯಲಾಗುವುದಿಲ್ಲ. ಉತ್ತರ ಗೊತ್ತಾದ ಮೇಲೆ ‘ನನಗೆ ಮೊದಲೇ ಹೊಳೆದಿತ್ತು’ ಅನ್ನಿಸುವುದು ಮನುಷ್ಯನ ಸ್ವಭಾವ. ಇಂಟರ್‌ವಲ್‌ನ ಟಿಪ್ಪಣಿಯೇ ವಿಮರ್ಶೆಯ ಗಡಿರೇಖೆ. ಅದರ ಈಚೆಗಿನ ಸಂಗತಿಗಳನ್ನು ಎಚ್ಚರದಿಂದ ಹೇಳಬಹುದು, ಆಚೆಗಿನ ಘಟನೆಗಳನ್ನು ಹೇಳುವಂತಿಲ್ಲ.

‘ಲೂಸಿಯಾ’ಕ್ಕೆ ಈ ಗಡಿಯನ್ನು ಇನ್ನೂ ಹಿಂದಕ್ಕೆ, ಮೊದಲ ಅರ್ಧ ಗಂಟೆಗೇ, ಎಳೆದುಕೊಳ್ಳುವುದು ಕ್ಷೇಮ. ಆಗ ಕಥೆಯ ಪರಿಚಯ ಸುಮಾರು ಹೀಗಿರುತ್ತದೆ:

‘ನಿಕ್ಕಿಯ ಕೆಲಸ ಕತ್ತಲಲ್ಲಿ. ತಡವಾಗಿ ಬಂದ ಪ್ರೇಕ್ಷಕರಿಗೆ ಟಾರ್ಚ್ ಹಿಡಿದು ಸೀಟು ತೋರಿಸುವುದು. ರಾತ್ರಿ ಹಾಸಿಗೆಗೆ ಬಿದ್ದರೆ ನಿದ್ದೆ ಹತ್ತದು. ಒಂದು ಮಾತ್ರೆ ಸಿಗುತ್ತದೆ, ನಿದ್ದೆಯೊಂದಿಗೆ ಕನಸೂ ಬರುತ್ತದೆ. ಕನಸಿನಲ್ಲಿ ಅವನೇ ಪರದೆಯ ತಾರೆ. ಟಾರ್ಚ್ ಹಿಡಿಯುವವನ ಬದುಕು ಬಣ್ಣದಲ್ಲಿ, ತಾರೆಯ ಬದುಕು ಕಪ್ಪು ಬಿಳುಪಿನಲ್ಲಿ. ಇವೆರಡರ ಮಗ್ಗುಲಲ್ಲಿ ಮೂರನೆಯ ಎಳೆಯೊಂದಿದೆ: ಆಸ್ಪತ್ರೆಯ ಹಾಸಿಗೆ ಮತ್ತು ಒಂದು ತನಿಖೆ.’

ಇಷ್ಟೇ. ಇದರಲ್ಲಿ ಪ್ರೇಕ್ಷಕನಿಗೆ ಬೇಗನೆ ತಿಳಿಯದ ಸಂಗತಿ ಒಂದೂ ಇಲ್ಲ. ಆದರೂ ಚಿತ್ರ ಯಾವುದರ ಬಗ್ಗೆ, ಅದರ ರುಚಿ ಎಂಥದ್ದು ಎಂಬುದು ಓದುಗನಿಗೆ ತಿಳಿಯುತ್ತದೆ. ಕಪ್ಪು ಬಿಳುಪಿನ ಮಾತನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಬಿಡಬಾರದು; ಅದು ಗುಟ್ಟಲ್ಲ, ಚಿತ್ರದ ವ್ಯಾಕರಣ. ವಿಮರ್ಶಕ ತಿದ್ದಿ ತೆಗೆಯಬೇಕಾದ ಸಾಲು ಬೇರೆಯದು. ಮೊದಲ ಕರಡಿನಲ್ಲಿ ‘ಕೊನೆಯ ಹತ್ತು ನಿಮಿಷ ಇಡೀ ಚಿತ್ರವನ್ನು ಹೊಸದಾಗಿ ಕಾಣಿಸುತ್ತದೆ’ ಎಂಬ ಸಾಲು ಯಾವ ಥ್ರಿಲ್ಲರಿನ ವಿಮರ್ಶೆಗಾದರೂ ತಾನಾಗಿ ನುಸುಳುತ್ತದೆ. ಬರೆದವನಿಗೆ ಅದು ಹೊಗಳಿಕೆ. ಓದಿದವನು ಮಾತ್ರ ಪ್ರತಿ ದೃಶ್ಯದಲ್ಲೂ ಏನು ಸುಳ್ಳು ಎಂದು ಹುಡುಕುತ್ತ ಕೂರುತ್ತಾನೆ. ಚಿತ್ರ ನೋಡುವುದು ಬಿಟ್ಟು ಅದರ ಜೇಬು ತಡಕಾಡುವ ಕೆಲಸವಾಗುತ್ತದೆ.

ಅಭಿನಯದ ಬಗ್ಗೆ ಬರೆಯುವಾಗ ತೊಡಕು ಇನ್ನೊಂದು ಬಗೆಯದು. ‘ಸತೀಶ್ ನೀನಾಸಂ ಅದ್ಭುತವಾಗಿ ನಟಿಸಿದ್ದಾರೆ’ ಎಂಬುದು ಗುಟ್ಟು ಬಿಡುವುದಿಲ್ಲ, ಏನನ್ನೂ ಹೇಳುವುದೂ ಇಲ್ಲ. ಗುಟ್ಟು ಕಾಯುವ ಹೆಸರಿನಲ್ಲಿ ವಿಶೇಷಣಗಳ ಹಿಂದೆ ಅಡಗುವುದು ವಿಮರ್ಶಕರ ಹಳೆಯ ಚಾಳಿ. ದಾರಿಯೊಂದಿದೆ: ಘಟನೆಯನ್ನು ಬಿಟ್ಟು ದೇಹವನ್ನು ಬರೆಯುವುದು. ಒಂದೇ ಮುಖದ ಎರಡು ಬದುಕುಗಳನ್ನು ಸತೀಶ್ ಹೇಗೆ ಬೇರೆ ಮಾಡುತ್ತಾರೆ? ಟಾರ್ಚ್ ಹಿಡಿದವನ ಭುಜ ಹೇಗಿದೆ, ತಾರೆಯ ಭುಜ ಹೇಗಿದೆ? ಮಾತಿಗೆ ಮುಂಚೆ ಯಾರು ತಡವರಿಸುತ್ತಾರೆ, ಯಾರು ಬೇಕೆಂದೇ ಎದುರಿನವರನ್ನು ಕಾಯಿಸುತ್ತಾರೆ? ಶ್ರುತಿ ಹರಿಹರನ್ ಅವರದೂ ಎರಡೂ ಕಡೆ ಕಾಣಿಸಿಕೊಳ್ಳುವ ಪಾತ್ರವೇ. ಪಿಜ್ಜಾ ಅಂಗಡಿಯ ಹುಡುಗಿ ನಿಕ್ಕಿಯನ್ನು ನೋಡುವ ನೋಟಕ್ಕೂ ಇನ್ನೊಂದು ಬದುಕಿನ ನೋಟಕ್ಕೂ ಇರುವ ದೂರವನ್ನು ಮೊದಲ ಅರ್ಧ ಗಂಟೆಯ ದೃಶ್ಯಗಳಿಂದಲೇ ತೋರಿಸಬಹುದು. ನಟನಟಿಯರ ಕಸುಬಿನ ಪುರಾವೆ ಬೇಗ ಸಿಗುವ ದೃಶ್ಯಗಳಲ್ಲೂ ಇರುತ್ತದೆ. ವಿಮರ್ಶಕರು ಮಾತ್ರ ಉದಾಹರಣೆಗೆಂದು ಕ್ಲೈಮ್ಯಾಕ್ಸಿಗೆ ಓಡುತ್ತಾರೆ, ಏಕೆಂದರೆ ಮನೆಗೆ ಮರಳುವಾಗ ತಲೆಯಲ್ಲಿ ತಾಜಾ ಉಳಿದಿರುವುದು ಅದೇ.

ತಾರಾಗಣದ ಪಟ್ಟಿಯಲ್ಲೂ ಒಂದು ಬಲೆಯಿದೆ. ಹೆಸರಾಂತ ನಟರೊಬ್ಬರು ಎರಡೇ ದೃಶ್ಯಗಳಲ್ಲಿ ಬಂದು ಹೋಗುತ್ತಾರೆಂದು ವಿಮರ್ಶೆ ಪ್ರತ್ಯೇಕವಾಗಿ ಎತ್ತಿ ಆಡಿದರೆ, ಅಷ್ಟು ದೊಡ್ಡ ನಟ ಸುಮ್ಮನೆ ಬಂದಿರಲಿಕ್ಕಿಲ್ಲ ಎಂದು ಚಾಣಾಕ್ಷ ಓದುಗ ಊಹಿಸುತ್ತಾನೆ. ಅಂಥ ಹೆಸರನ್ನು ಉಳಿದವರ ನಡುವೆ ಸೇರಿಸಿ ಮುಂದೆ ಹೋಗುವುದೇ ಜಾಣತನ.

ಸಂಗೀತದ ಬಗ್ಗೆ ನಮ್ಮ ವಿಮರ್ಶೆಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಕೈತೊಳೆದುಕೊಳ್ಳುತ್ತವೆ: ಹಾಡುಗಳು ಗುನುಗುವಂತಿವೆ, ಅಥವಾ ಇಲ್ಲ. ಗುಟ್ಟು ಬಿಡದೆ ಧಾರಾಳವಾಗಿ ಬರೆಯಬಹುದಾದ ಅಂಗವೇ ಇದು. ಹಾಡುಗಳು ಬಿಡುಗಡೆಗೆ ವಾರಗಳ ಮುಂಚೆಯೇ ಹೊರಬಂದಿರುತ್ತವೆ, ಓದುಗ ಅವನ್ನು ಕೇಳಿಯೂ ಇರುತ್ತಾನೆ. ವಿಮರ್ಶಕ ಹೊಸದಾಗಿ ಹೇಳಬಲ್ಲದ್ದು ಹಾಡು ಚಿತ್ರದೊಳಗೆ ಎಲ್ಲಿ ಕೂತಿದೆ ಎಂಬುದನ್ನು. ‘ಲೂಸಿಯಾ’ದ ಹಾಡುಗಳಿಗೆ ಪೂರ್ಣಚಂದ್ರ ತೇಜಸ್ವಿ ರಾಗ ಹಾಕಿದರು, ನವೀನ್ ಸಜ್ಜು ಅವರ ಒರಟು ಮಣ್ಣಿನ ದನಿ ಊರ ತುಂಬ ಕೇಳಿಸಿದ್ದು ಇದರಿಂದಲೇ. ಆ ದನಿ ಯಾವ ಬದುಕಿನ ಜತೆ ಹೊಂದುತ್ತದೆ, ನಯವಾದ ಹಾಡುಗಳು ಯಾವ ಬದುಕಿಗೆ ಹೋಗುತ್ತವೆ ಎಂದು ವಿಚಾರಿಸಿದರೆ ಸಂಗೀತದ ಬಗೆಗಿನ ಮಾತು ಕಥೆಯ ಬಗೆಗಿನ ಮಾತೂ ಆಗುತ್ತದೆ, ಒಂದು ಘಟನೆಯನ್ನೂ ಹೊರಗೆಡಹದೆ.

ಹಿನ್ನೆಲೆ ಸಂಗೀತದ ಮಾತು ಬೇರೆ. ಅದು ಕೇಳಿಸುವುದು ಥಿಯೇಟರಿನಲ್ಲೇ. ಅಲ್ಲಿ ಗಮನಿಸಬೇಕಾದದ್ದು ವಾದ್ಯ ಎಲ್ಲಿ ನಿಲ್ಲುತ್ತದೆ ಎಂಬುದು. ದೃಶ್ಯಕ್ಕೆ ಮುಂಚೆಯೇ ಹೆದರಿಸುವ ಸಂಗೀತ, ನಗುವ ಮೊದಲೇ ನಗು ಎಂದು ಹೇಳಿಕೊಡುವ ಸಂಗೀತ, ಸಂಭಾಷಣೆಯನ್ನು ನುಂಗುವ ಸಂಗೀತ, ಇವೆಲ್ಲ ದೋಷಗಳೇ. ಸಂಭಾಷಣೆ ಕೇಳಿಸದಿದ್ದರೆ ತಪ್ಪು ಚಿತ್ರದ್ದೋ ಥಿಯೇಟರಿನದೋ ಎಂದು ಮೊದಲು ತೀರ್ಮಾನಿಸಬೇಕು. ಅದಕ್ಕೊಂದು ಸುಲಭ ಉಪಾಯವಿದೆ. ಚಿತ್ರಕ್ಕೆ ಮುಂಚೆ ತೋರಿಸುವ ಜಾಹೀರಾತು, ಟ್ರೇಲರುಗಳ ಮಾತೂ ಗೊಗ್ಗರಾಗಿದ್ದರೆ ಸ್ಪೀಕರಿನ ದೋಷ. ಅವು ಸ್ವಚ್ಛವಾಗಿದ್ದು, ಚಿತ್ರದಲ್ಲಿ ಸಂಗೀತ ಬಂದ ಕಡೆ ಮಾತ್ರ ಮಾತು ಮುಳುಗಿದರೆ ಶಬ್ದ ಮಿಶ್ರಣದ ದೋಷ. ಚಿತ್ರ ಮಬ್ಬಾಗಿ ಕಂಡರೂ ಇದೇ ಪರೀಕ್ಷೆ: ಪ್ರೊಜೆಕ್ಟರಿನ ದೀಪ ಮಂಕಾಗಿದ್ದರೆ ಬಿಸ್ಕತ್ತಿನ ಜಾಹೀರಾತೂ ಮುಸ್ಸಂಜೆಯಂತೆ ಕಾಣುತ್ತದೆ. ಇದನ್ನು ವಿಚಾರಿಸದೆ ಛಾಯಾಗ್ರಾಹಕರನ್ನು ಬೈದ ವಿಮರ್ಶೆಗಳು ಎಷ್ಟಿವೆಯೋ!

ಪ್ರೇಕ್ಷಕರ ಅನುಭವವನ್ನು ಬರೆಯುವುದು ಎಲ್ಲಕ್ಕಿಂತ ಸೂಕ್ಷ್ಮ. ಮೊದಲ ದಿನದ ಮೊದಲ ಆಟದಲ್ಲಿ ಕಟೌಟಿಗೆ ಹಾಲೆರೆದು ಒಳಗೆ ಬಂದ ಅಭಿಮಾನಿಗಳ ನಡುವೆ ಕೂತರೆ ಮೊದಲ ಹತ್ತು ನಿಮಿಷದ ಸಂಭಾಷಣೆ ಶಿಳ್ಳೆಯಲ್ಲಿ ಕೊಚ್ಚಿಹೋಗುತ್ತದೆ. ಅದೇ ಚಿತ್ರವನ್ನು ಮಂಗಳವಾರದ ಮ್ಯಾಟಿನಿಯಲ್ಲಿ ನೋಡಿದವನಿಗೆ ಬೇರೆಯೇ ಚಿತ್ರ ಕಾಣುತ್ತದೆ. ಚಿತ್ರತಂಡವೇ ಕೂತಿರುವ ಪ್ರೀಮಿಯರ್ ಆಟದ ಚಪ್ಪಾಳೆಯನ್ನಂತೂ ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು. ಆದ್ದರಿಂದ ಯಾವ ಆಟ, ಎಂಥ ಥಿಯೇಟರು, ಎಷ್ಟು ತುಂಬಿತ್ತು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿಬಿಡಬೇಕು. ಗಾಂಧಿ ಕ್ಲಾಸಿನವರು ಕೂಗಿದ್ದಕ್ಕೂ ಬಾಲ್ಕನಿಯವರು ನಕ್ಕಿದ್ದಕ್ಕೂ ವ್ಯತ್ಯಾಸ ಕಂಡಿದ್ದರೆ ಅದೂ ಬರೆಯತಕ್ಕ ಸಂಗತಿ.

ಜನರ ಪ್ರತಿಕ್ರಿಯೆಯಲ್ಲಿ ಕಾರಣ ಬಿಟ್ಟು ಸಮಯ ಹೇಳಿದರೆ ಗುಟ್ಟು ಉಳಿಯುತ್ತದೆ. ‘ಇಂಟರ್‌ವಲ್ ಆದ ಮೇಲೆ ಸುಮಾರು ಅರ್ಧ ಗಂಟೆ ಸಾಲುಸಾಲಾಗಿ ಮೊಬೈಲುಗಳು ಹೊಳೆಯುತ್ತಿದ್ದವು’ ಎಂಬ ಒಂದು ವಾಕ್ಯ, ‘ಎರಡನೆಯ ಅರ್ಧ ಎಳೆದಾಡುತ್ತದೆ’ ಎಂಬ ತೀರ್ಪಿಗಿಂತ ಹೆಚ್ಚು ನಂಬುವಂತಿದೆ. ಅದು ಕಥೆಯನ್ನೂ ಬಿಟ್ಟುಕೊಡುವುದಿಲ್ಲ. ನಗು ಎಷ್ಟು ಹೊತ್ತಿಗೆ ಶುರುವಾಯಿತು, ಎಲ್ಲಿ ಪಾಪ್‌ಕಾರ್ನ್ ಸದ್ದು ನಿಂತಿತು, ಹೆಸರುಗಳು ಮೂಡುವಾಗ ಜನ ಎದ್ದರೇ, ಕೂತೇ ಇದ್ದರೇ, ಇವೆಲ್ಲ ಕಣ್ಣು ಕಿವಿಗೆ ಸಿಕ್ಕುವ ಪುರಾವೆಗಳು.

ಇದಕ್ಕೂ ಒಂದು ಮಿತಿಯಿದೆ, ಅದನ್ನು ತೋರಿಸಿಕೊಟ್ಟದ್ದು ‘ಕಾಂತಾರ’. ರಿಷಬ್ ಶೆಟ್ಟರ ಆ ಚಿತ್ರ 2022ರ ಸೆಪ್ಟೆಂಬರ್ 30ರಂದು ಬಂದಾಗ, ಕೊನೆಯ ಹದಿನೈದಿಪ್ಪತ್ತು ನಿಮಿಷಗಳ ಬಗ್ಗೆ ಮಾತಾಡದವರೇ ಇರಲಿಲ್ಲ. ಅಲ್ಲಿ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಲಿಲ್ಲ, ನಿಜ. ಆದರೆ ಎರಡನೆಯ ವಾರ ನೋಡಲು ಹೋದವರಲ್ಲಿ ಎಷ್ಟೋ ಜನ ಆ ಇಪ್ಪತ್ತು ನಿಮಿಷಕ್ಕಾಗಿಯೇ ಕಾಯುತ್ತ ಕೂತರು. ಊರ ಕಂಬಳ, ತಮಾಷೆ, ಶಿವ ಮತ್ತು ಅರಣ್ಯಾಧಿಕಾರಿಯ ಜಟಾಪಟಿ, ಅಜನೀಶ್ ಲೋಕನಾಥ್ ಸಂಗೀತದಲ್ಲಿ ಕರಾವಳಿಯ ವಾದ್ಯಗಳು ಬಂದು ಕೂಡುವ ಬಗೆ, ಇವೆಲ್ಲ ಅವರಿಗೆ ದಾರಿಯ ನಡುವಿನ ನಿಲ್ದಾಣಗಳಾದವು. ಚಿತ್ರದ ಬಹುಪಾಲು ಇದ್ದದ್ದು ಅಲ್ಲೇ. ಕೊನೆಯನ್ನು ಹೊಗಳುವ ವಿಮರ್ಶಕ ಕೊನೆಗೆ ಮುಂಚಿನದನ್ನು ಕುಗ್ಗಿಸುತ್ತಾನೆ. ಎರಡಕ್ಕೂ ಅಳತೆ ತಪ್ಪದಷ್ಟು ಜಾಗ ಕೊಟ್ಟರೆ ಓದುಗನ ಗಮನವೂ ಹಾಗೆಯೇ ಹಂಚಿಕೊಳ್ಳುತ್ತದೆ.

ಹಾಗಿದ್ದರೆ ಕೊನೆ ಕೆಟ್ಟಿದ್ದರೆ? ಒಳ್ಳೆಯ ಚಿತ್ರವೊಂದು ಕೊನೆಯಲ್ಲಿ ಮುಗ್ಗರಿಸಿದ್ದನ್ನು ಹೇಳದಿದ್ದರೆ ಟಿಕೆಟ್ಟಿಗೆ ದುಡ್ಡು ಕೊಡುವವರಿಗೆ ಮೋಸ. ಆಗ ಘಟನೆಯನ್ನು ಬಿಟ್ಟು ಕೆಲಸದ ದೋಷವನ್ನು ಹೆಸರಿಸಬೇಕು. ‘ಅಲ್ಲಿಯವರೆಗೆ ದೃಶ್ಯಗಳಲ್ಲಿ ಹೇಳಿದ್ದನ್ನು ಕೊನೆಗೆ ಒಬ್ಬರ ಬಾಯಲ್ಲಿ ಭಾಷಣ ಮಾಡಿಸಿದ್ದಾರೆ’ ಎಂದರೆ ದೋಷವೂ ಗೊತ್ತಾಯಿತು, ಗುಟ್ಟೂ ಉಳಿಯಿತು. ‘ನಿರ್ದೇಶಕರು ಅವಸರ ಮಾಡಿದ್ದಾರೆ’, ‘ನಾಯಕನ ಇಮೇಜಿಗೆ ಕಥೆಯನ್ನು ಬಾಗಿಸಿದ್ದಾರೆ’ ಎಂಬಷ್ಟರಲ್ಲಿ ನಿಲ್ಲಿಸಬಹುದು.

ಕೆಲವು ವಾದಗಳಿಗೆ ಮಾತ್ರ ಈ ಚೌಕಟ್ಟು ಸಾಲದು. ಕ್ಲಿಂಟ್ ಈಸ್ಟ್‌ವುಡ್‌ರ ‘ಮಿಲಿಯನ್ ಡಾಲರ್ ಬೇಬಿ’ ಕುರಿತು ಅಮೆರಿಕದಲ್ಲಿ ಎದ್ದ ಚರ್ಚೆ ಅದರ ಕೊನೆಯ ಭಾಗಕ್ಕೇ ಸಂಬಂಧಿಸಿದ್ದು. ಚಿತ್ರವನ್ನು ವಿರೋಧಿಸಿದ ಕೆಲವರು ಕೊನೆಯನ್ನು ಬಹಿರಂಗ ಮಾಡಿದಾಗ, ಹಾಗೆ ಮಾಡುವ ಹಕ್ಕು ವಿಮರ್ಶಕನಿಗಿಲ್ಲ ಎಂದು ರೋಜರ್ ಈಬರ್ಟ್ 2005ರಲ್ಲಿ ಖಾರವಾಗಿ ಬರೆದರು. ವಿರೋಧಿಗಳ ಪ್ರಶ್ನೆಯಲ್ಲೂ ಹುರುಳಿಲ್ಲದಿರಲಿಲ್ಲ: ಕೊನೆಯನ್ನು ಹೇಳದೆ ಕೊನೆಯ ನೈತಿಕತೆಯನ್ನು ಚರ್ಚಿಸುವುದು ಹೇಗೆ? ಇದಕ್ಕೆ ಉತ್ತರ ಎರಡು ಬಗೆಯ ಬರವಣಿಗೆಯಲ್ಲಿದೆ. ಶುಕ್ರವಾರ ಬಿಡುಗಡೆಯಾದ ಚಿತ್ರದ ಭಾನುವಾರದ ವಿಮರ್ಶೆ, ನೋಡಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ. ತಿಂಗಳ ನಂತರ ಮಾಸಪತ್ರಿಕೆಯಲ್ಲಿ ಬರುವ ಪ್ರಬಂಧ, ನೋಡಿ ಬಂದವರಿಗೆ. ಎರಡನೆಯದರಲ್ಲಿ ಏನನ್ನೂ ಮುಚ್ಚಿಡಬೇಕಿಲ್ಲ, ಮೊದಲ ಸಾಲಿನಲ್ಲೇ ಒಂದು ಎಚ್ಚರಿಕೆ ಇಟ್ಟರಾಯಿತು. ಒಂದರೊಳಗೆ ಇನ್ನೊಂದನ್ನು ತುರುಕಿದಾಗ ಮಾತ್ರ ಕೆಡುಕು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಬರೆದವನಿಗೆ ತನ್ನ ಬರಹದ ಸೋರಿಕೆ ಕಾಣುವುದಿಲ್ಲ, ಏಕೆಂದರೆ ಅವನಿಗೆ ಎಲ್ಲವೂ ಗೊತ್ತಿದೆ. ಚಿತ್ರ ನೋಡದ ಒಬ್ಬರಿಗೆ ಕರಡನ್ನು ಓದಿಸುವುದೇ ಇದಕ್ಕೆ ದಾರಿ. ಕೇಳಬೇಕಾದ ಪ್ರಶ್ನೆ ‘ಹೇಗಿದೆ?’ ಎಂದಲ್ಲ, ‘ಕೊನೆಗೆ ಏನಾಗುತ್ತದೆಂದು ಅನ್ನಿಸುತ್ತದೆ?’ ಎಂದು. ಅವರ ಊಹೆ ನಿಜಕ್ಕೆ ಹತ್ತಿರ ಬಂದರೆ ಯಾವ ಸಾಲಿನಿಂದ ಹಾಗನ್ನಿಸಿತು ಎಂದು ವಿಚಾರಿಸಿ, ಆ ಸಾಲನ್ನು ಹೊಡೆದುಹಾಕಬೇಕು. ಬಹಳ ಸಲ ಅದು ಲೇಖಕರಿಗೆ ತುಂಬ ಇಷ್ಟವಾದ ಸಾಲೇ ಆಗಿರುತ್ತದೆ.

‘ಲೂಸಿಯಾ’ ನೋಡದ ಓದುಗರು ಈ ಲೇಖನವನ್ನೂ ಇದೇ ಪರೀಕ್ಷೆಗೆ ಒಡ್ಡಬಹುದು. ಕೊನೆ ಏನೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಚಿತ್ರ ನೋಡಿ. ಚೀಟಿ ಸರಿಯಾಗಿದ್ದರೆ ಸಂಪಾದಕರಿಗೊಂದು ಕಾಗದ ಬರೆಯಿರಿ.